ಹಾಲ್ ಸಿಕ್ಕಿತು, ಸ್ಟಾಲ್ ಎಲ್ಲಿದೆ?

ಪ್ರಶ್ನೆ: ಮುಂದಿನ ತಿಂಗಳು ಒಂದು ದೊಡ್ಡ ಪುಸ್ತಕ ಮೇಳಕ್ಕೆ ಹೋಗುತ್ತಿದ್ದೇನೆ. ಒಬ್ಬ ಪ್ರಕಾಶಕರನ್ನು ಬೆಳಿಗ್ಗೆ ಹನ್ನೊಂದಕ್ಕೆ ಭೇಟಿಯಾಗಬೇಕು. ಅವರು '4.1 D 36' ಅಂತ ಮಾತ್ರ ಕಳಿಸಿದ್ದಾರೆ. ಮೇಳದ ವೆಬ್‌ಸೈಟ್‌ನಲ್ಲಿ ಅವರ ಹೆಸರು ಹುಡುಕಿದರೆ ಬರುತ್ತಲೇ ಇಲ್ಲ. ಹಿಂದೆ ಇಂಥದ್ದೇ ಮೇಳದಲ್ಲಿ ಹಾಲ್ ಸಿಕ್ಕ ಮೇಲೂ ಸ್ಟಾಲ್ ಸಿಗದೆ ಸುತ್ತಿ ಸುತ್ತಿ ಸಾಕಾಗಿತ್ತು. ಈ ಸಲ ಹಾಗಾಗದಂತೆ ಏನು ಮಾಡಬೇಕು?

ಉತ್ತರ: ಅವರು ಕಳಿಸಿರುವುದು ಪೂರ್ತಿ ವಿಳಾಸವೇ. ಅದರಲ್ಲಿ ನಾಲ್ಕು ಸಂಗತಿಗಳಿವೆ: 4 ಎಂಬುದು ಕಟ್ಟಡ, ಚುಕ್ಕಿಯ ನಂತರದ 1 ಮಹಡಿ, D ಓಣಿ, 36 ಆ ಓಣಿಯೊಳಗಿನ ಜಾಗ. ಇದೇ ಕ್ರಮದಲ್ಲಿ ಒಂದೊಂದನ್ನೇ ಮುಗಿಸುತ್ತಾ ಹೋಗಬೇಕು. ಜನ ದಾರಿ ತಪ್ಪುವುದು ಹೆಚ್ಚಾಗಿ ಎರಡನೆಯದರಲ್ಲಿ, ಮಹಡಿಯಲ್ಲಿ.

ಫ್ರಾಂಕ್‌ಫರ್ಟ್ ಪುಸ್ತಕ ಮೇಳ ನಡೆಯುವ ಮೈದಾನದಲ್ಲಿ ಹಾಲ್‌ಗಳನ್ನು ಹೀಗೆಯೇ ಕರೆಯುತ್ತಾರೆ. 4.0 ಅಂದರೆ ನಾಲ್ಕನೇ ಕಟ್ಟಡದ ನೆಲಮಹಡಿ, 4.1 ಅದರ ಮೇಲಿನ ಮಹಡಿ, 4.2 ಇನ್ನೂ ಒಂದು ಮಹಡಿ ಮೇಲೆ. ಹೊಸಬರು 'ಹಾಲ್ ನಾಲ್ಕು' ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ನೆಲಮಹಡಿಗೆ ನುಗ್ಗಿಬಿಡುತ್ತಾರೆ. ಅಲ್ಲಿಯೂ D ಓಣಿ ಇರಬಹುದು, ಅದರಲ್ಲೂ 36 ಇರಬಹುದು. ಅಕ್ಷರ ಸರಿ, ನಂಬರ್ ಸರಿ, ಆದರೆ ಸ್ಟಾಲ್ ಬೇರೆ ಯಾರದ್ದೋ. ಆಗ ಅವರು ಸ್ಟಾಲ್ ಬದಲಾಗಿದೆ ಅಂದುಕೊಂಡು ಪ್ರಕಾಶಕರಿಗೆ ಫೋನ್ ಮಾಡುತ್ತಾರೆ. ನಿಜಕ್ಕೂ ಅವರು ನಿಂತಿರುವುದೇ ಒಂದು ಮಹಡಿ ಕೆಳಗೆ. ಹಾಲ್‌ನ ಬಾಗಿಲ ಮೇಲೆ ಮತ್ತು ಎಸ್ಕಲೇಟರ್ ಪಕ್ಕದಲ್ಲಿ ಚುಕ್ಕಿ ಸಮೇತ ಪೂರ್ತಿ ನಂಬರ್ ಬರೆದಿರುತ್ತದೆ. ಅದನ್ನು ಓದಿಯೇ ಒಳಗೆ ಕಾಲಿಡಿ.

ಎಲ್ಲ ಮೈದಾನಗಳಲ್ಲೂ ಚುಕ್ಕಿಯೇ ಇರುತ್ತದೆ ಅಂತಲ್ಲ. ದೆಹಲಿಯ ಪ್ರಗತಿ ಮೈದಾನದ ಹಳೆಯ ಕಟ್ಟಡಗಳಲ್ಲಿ 12 ಮತ್ತು 12A ಅಂತ ಎರಡು ಬೇರೆ ಬೇರೆ ಹಾಲ್‌ಗಳಿದ್ದವು. ಅಲ್ಲಿ A ಅಂದರೆ ಓಣಿಯಲ್ಲ, ಇನ್ನೊಂದು ಹಾಲ್. ಹಾಗಾಗಿ ಕೋಡ್ ಕೈಗೆ ಬಂದ ಕೂಡಲೇ ಆ ಮೇಳದ ಈ ವರ್ಷದ ನಕ್ಷೆ ತೆರೆದು, ಯಾವ ಅಂಕಿ ಏನನ್ನು ಹೇಳುತ್ತಿದೆ ಅಂತ ಒಮ್ಮೆ ನೋಡಿಕೊಳ್ಳಿ. 'ಈ ವರ್ಷದ' ಅಂತ ಒತ್ತಿ ಹೇಳಲು ಕಾರಣವಿದೆ. ಪ್ರಗತಿ ಮೈದಾನದ ಹಳೆಯ ಹಾಲ್‌ಗಳಲ್ಲಿ ಹಲವನ್ನು ಕೆಡವಿ ಹೊಸದಾಗಿ ಕಟ್ಟಿ, 2023ರಲ್ಲಿ ಅದು ಭಾರತ್ ಮಂಡಪಂ ಆಯಿತು. ನಂಬರುಗಳೂ ಬದಲಾದವು. ಆದರೆ ಅಂತರ್ಜಾಲದಲ್ಲಿ ಹಳೆಯ ನಕ್ಷೆಗಳು ಇನ್ನೂ ಸಿಗುತ್ತವೆ. ನಕ್ಷೆಯ ಮೂಲೆಯಲ್ಲಿ ಮೇಳದ ದಿನಾಂಕ ಇದೆಯಾ ನೋಡಿ. ಇಲ್ಲದಿದ್ದರೆ ಆ ನಕ್ಷೆಯನ್ನು ನಂಬಬೇಡಿ.

ಇನ್ನು ಹಾಲ್‌ನ ಒಳಗಿನ ಮಾತು. ನಿಮಗೆ ಕಷ್ಟ ಕೊಟ್ಟಿದ್ದು ಇದೇ ಅಲ್ವಾ?

ಸ್ಟಾಲ್‌ಗಳಿಗೆ ನಂಬರ್ ಹೇಗೆ ಬೀಳುತ್ತದೆ ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಪ್ರದರ್ಶಕರು ಬರುವುದಕ್ಕೆ ಎಷ್ಟೋ ತಿಂಗಳು ಮೊದಲೇ ಆಯೋಜಕರು ಖಾಲಿ ಹಾಲ್‌ನ ನಕ್ಷೆಯ ಮೇಲೆ ಚೌಕಗಳನ್ನು ಹಾಕುತ್ತಾರೆ. ಸಾಮಾನ್ಯವಾಗಿ ಚಿಕ್ಕ ಸ್ಟಾಲ್ ಅಂದರೆ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಒಟ್ಟು ಒಂಬತ್ತು ಚದರ ಮೀಟರ್. ಅಮೆರಿಕದಲ್ಲಿ ಹತ್ತಡಿಗೆ ಹತ್ತಡಿ. ನಂಬರ್ ಬೀಳುವುದು ಈ ಚೌಕಗಳಿಗೆ. ಅಂಗಡಿಗಳ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಒಬ್ಬ ದೊಡ್ಡ ಪ್ರಕಾಶಕರು ಬಂದು ಪಕ್ಕಪಕ್ಕದ ನಾಲ್ಕು ಚೌಕ ತೆಗೆದುಕೊಳ್ಳುತ್ತಾರೆ. ನಾಲ್ಕೂ ಸೇರಿ ಒಂದೇ ಸ್ಟಾಲ್ ಆಗುತ್ತದೆ, ಸಾಮಾನ್ಯವಾಗಿ ಒಂದೇ ನಂಬರ್ ಉಳಿಯುತ್ತದೆ. ಉಳಿದ ಮೂರು ನಂಬರ್‌ಗಳು ಆ ಮೇಳದಲ್ಲಿ ಎಲ್ಲೂ ಕಾಣುವುದೇ ಇಲ್ಲ.

ಅದಕ್ಕೇ 24 ಆದ ಕೂಡಲೇ 32 ಬರುತ್ತದೆ. ನಡುವಿನದು ಎಲ್ಲಿ ಹೋಯಿತು ಅಂತ ಜನ ಹಿಂದಕ್ಕೆ ತಿರುಗಿ ನಡೆಯುತ್ತಾರೆ. ನಂಬರ್ ಹಾರಿದ್ದರೆ ನೀವು ತಪ್ಪು ದಾರಿಯಲ್ಲಿದ್ದೀರಿ ಅಂತಲ್ಲ, ಅಲ್ಲೊಂದು ದೊಡ್ಡ ಸ್ಟಾಲ್ ಇದೆ ಅಂತ ಅಷ್ಟೇ. ನೋಡಬೇಕಾದ್ದು ನಂಬರ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಮಾತ್ರ. ಏರುತ್ತಿದ್ದರೆ ನಡೆಯುತ್ತಿರಿ.

ಎರಡನೆಯದು ಸಮ ಮತ್ತು ಬೆಸ. ಬಹಳಷ್ಟು ಮೇಳಗಳಲ್ಲಿ ಓಣಿಯ ಒಂದು ಬದಿಗೆ ಸಮ ಸಂಖ್ಯೆ, ಎದುರು ಬದಿಗೆ ಬೆಸ ಸಂಖ್ಯೆ ಹಾಕಿರುತ್ತಾರೆ. 36 ಸಮ. ನೀವು D ಓಣಿಗೆ ಬಂದಾಗ ಎಡಗಡೆ 11, 13, 15 ಕಾಣುತ್ತಿದ್ದರೆ ಆ ಬದಿಯನ್ನು ಪೂರ್ತಿ ಮರೆತುಬಿಡಿ. ಬಲಗಡೆ ಮಾತ್ರ ನೋಡುತ್ತಾ ಹೋಗಿ. ಎರಡೂ ಬದಿ ಓದುತ್ತಾ, ಜನರ ತಲೆಗಳ ನಡುವೆ ಇಣುಕುತ್ತಾ ನಡೆಯುವುದೇ ಆಯಾಸದ ಕೆಲಸ. ಅರ್ಧ ಹಾಲ್ ಬಿಟ್ಟರೆ ಕಣ್ಣಿಗೂ ಕಾಲಿಗೂ ಹಗುರ. ಸಮ ಬೆಸ ಪಾಲಿಸದ ಮೇಳಗಳೂ ಇವೆ. ಅಲ್ಲಿ ಮೊದಲ ನಾಲ್ಕೈದು ಸ್ಟಾಲ್ ನೋಡಿದರೇ ಗೊತ್ತಾಗುತ್ತದೆ: ಒಂದೇ ಬದಿಯಲ್ಲಿ 10, 11, 12 ಸಾಲಾಗಿ ಬಂದಿರುತ್ತವೆ.

ದೂರವನ್ನೂ ಅಂದಾಜು ಮಾಡಬಹುದು. ಸಮ ಬದಿಯಲ್ಲಿ 10ರ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. 36ಕ್ಕೆ ಹದಿಮೂರು ಚೌಕ ದೂರ. ಒಂದೊಂದು ಮೂರು ಮೀಟರ್ ಅಂದರೆ ಸುಮಾರು ನಲವತ್ತು ಮೀಟರ್. ನಡುವೆ ಅಡ್ಡ ಓಣಿ ಬಂದರೆ ಇನ್ನೊಂದಿಷ್ಟು. ನೂರು ಮೀಟರ್ ನಡೆದರೂ 36 ಬರಲಿಲ್ಲ ಅಂದರೆ ಅಲ್ಲೇ ನಿಲ್ಲಿ, ಏನೋ ತಪ್ಪಿದೆ.

ಏನು ತಪ್ಪಿರಬಹುದು? ನನ್ನ ಅನುಭವದಲ್ಲಿ ಹೆಚ್ಚು ಸಲ ಕಾಣುವುದು ಇದು: ಸ್ಟಾಲ್ ಎರಡು ಓಣಿಗಳ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದೆ, ಅದರ ಮುಖ ಆಚೆ ಓಣಿಗಿದೆ. D ಓಣಿಯ ಸಮ ಬದಿಯ ಸ್ಟಾಲ್‌ಗಳ ಬೆನ್ನಿಗೆ E ಓಣಿಯ ಬೆಸ ಬದಿಯ ಸ್ಟಾಲ್‌ಗಳು ಅಂಟಿಕೊಂಡಿರುತ್ತವೆ. ಒಬ್ಬರೇ ಎರಡೂ ಕಡೆಯ ಜಾಗ ತೆಗೆದುಕೊಂಡರೆ ಸ್ಟಾಲ್ D ಯಿಂದ E ವರೆಗೆ ಚಾಚಿಕೊಳ್ಳುತ್ತದೆ. ಜರ್ಮನಿಯ ಕಲೋನ್‌ನ ಮೇಳಗಳಲ್ಲಿ ಇಂಥ ಸ್ಟಾಲ್‌ಗೆ ಎರಡು ಕೋಡ್ ಜೋಡಿಸಿ A010 B011 ಎಂಬ ರೀತಿಯಲ್ಲಿ ಬರೆಯುತ್ತಾರೆ. ಅಂದರೆ ಒಂದು ಮುಖ A ಓಣಿಗೆ, ಇನ್ನೊಂದು B ಓಣಿಗೆ. ಹೀಗೆ ಎರಡು ಕೋಡ್ ಕಂಡರೆ ಎರಡು ಸ್ಟಾಲ್ ಅಂದುಕೊಳ್ಳಬೇಡಿ, ಒಂದೇ ದೊಡ್ಡ ಸ್ಟಾಲ್. ನಿಮಗೆ ಬಂದ ಸಂದೇಶದಲ್ಲಿ ಒಂದೇ ಕೋಡ್ ಇದ್ದರೂ ನಕ್ಷೆಯಲ್ಲಿ ಆ ಚೌಕದ ಆಕಾರ ನೋಡಿ. ಅದು D ಯಿಂದ E ವರೆಗೆ ಉದ್ದವಾಗಿದ್ದರೆ, ಸ್ವಾಗತದ ಮೇಜು ಯಾವ ಬದಿಗೂ ಇರಬಹುದು. D ಕಡೆಯಿಂದ ಬರೀ ಒಂದು ಬಿಳಿ ಗೋಡೆ, ಮೇಲೊಂದು ಪೋಸ್ಟರ್ ಕಾಣುತ್ತದೆ. ಸುತ್ತಿ ಆಚೆಗೆ ಹೋದರೆ ಅವರೇ ಕೂತಿರುತ್ತಾರೆ.

ಇನ್ನೊಂದು ಕಾರಣ, ನಂಬರ್ ಹಲಗೆಯೇ ಕಾಣದಿರುವುದು. ಸಿದ್ಧ ಗೋಡೆಗಳ ಚಿಕ್ಕ ಸ್ಟಾಲ್‌ಗಳಲ್ಲಿ ಮುಂಭಾಗಕ್ಕೆ ಅಡ್ಡಲಾಗಿ ಕೂರಿಸಿದ ಮುಂಪಟ್ಟಿಯ ಮೇಲೆ ಹೆಸರು ಮತ್ತು ನಂಬರ್ ಎರಡೂ ಇರುತ್ತವೆ. ಅದು ತಲೆಗಿಂತ ಎತ್ತರದಲ್ಲಿ, ಒಂದು ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಓಣಿಯ ನಡುವೆ ನಡೆಯುವವರ ಕಣ್ಣು ಪುಸ್ತಕಗಳ ಮೇಲಿರುತ್ತದೆ, ಅಷ್ಟು ಮೇಲೆ ಹೋಗುವುದಿಲ್ಲ. ತಾವೇ ಕಟ್ಟಿಸಿಕೊಂಡ ದೊಡ್ಡ ಸ್ಟಾಲ್‌ಗಳಲ್ಲಂತೂ ಅಲಂಕಾರದವರು ನಂಬರನ್ನು ಎಲ್ಲೋ ಕೆಳಗೆ ಅಂಟಿಸಿಬಿಡುತ್ತಾರೆ. ಆಗ ಪಕ್ಕದ ಚಿಕ್ಕ ಸ್ಟಾಲ್‌ಗಳನ್ನು ಓದಿ. 34 ಮತ್ತು 42 ಕಂಡು ನಡುವೆ ನಂಬರಿಲ್ಲದ ದೊಡ್ಡದೊಂದು ಇದ್ದರೆ, 36 ಅಲ್ಲೇ ಇದೆ.

ಅಮೆರಿಕದ ಬಹಳಷ್ಟು ಟ್ರೇಡ್ ಶೋಗಳಲ್ಲಿ ಅಕ್ಷರ ಇರುವುದಿಲ್ಲ, ಉದ್ದದ ಒಂದೇ ಸಂಖ್ಯೆ ಇರುತ್ತದೆ. 1423 ಅಂದರೆ ಸಾಮಾನ್ಯವಾಗಿ 1400ರ ಓಣಿಯ ಬೆಸ ಬದಿ. ಕೊನೆಯ ಎರಡು ಅಂಕಿ ಮುಚ್ಚಿದರೆ ಓಣಿ ಸಿಗುತ್ತದೆ. ಉಳಿದ ಲೆಕ್ಕ ಮೇಲಿನದೇ.

ಈಗ ಹೆಸರಿನ ವಿಷಯಕ್ಕೆ ಬರೋಣ. ಕೋಡ್ ಇದ್ದರೂ ಹೆಸರು ಪಟ್ಟಿಯಲ್ಲಿ ಸಿಗದಿರುವುದನ್ನು ಸುಮ್ನೆ ಬಿಡಬೇಡಿ. ಮೇಳದ ಪಟ್ಟಿಯಲ್ಲಿ ಅದೇ ಕೋಡ್ ಯಾರ ಹೆಸರಿನಲ್ಲಿದೆ ಅಂತ ನೋಡಿದರೆ ಮಾತ್ರ ಕೋಡ್ ಸರಿ ಅಂತ ಖಾತ್ರಿ.

ಪಟ್ಟಿಯಲ್ಲಿ ಬರುವುದು ಜಾಗ ಬುಕ್ ಮಾಡಿದವರ ಹೆಸರು. ಪುಸ್ತಕದ ಮೇಲೆ ನಾವು ಓದುವ ಹೆಸರು ಎಷ್ಟೋ ಸಲ ಅದಲ್ಲ. ಪಫಿನ್ ಹೆಸರಿನ ಮಕ್ಕಳ ಪುಸ್ತಕ ಎಲ್ಲರಿಗೂ ಗೊತ್ತು, ಆದರೆ ಅದು ಪೆಂಗ್ವಿನ್ ರ‍್ಯಾಂಡಮ್ ಹೌಸ್‌ನ ಒಂದು ವಿಭಾಗದ ಹೆಸರು. ಪಿಕಡಾರ್ ಇರುವುದು ಪ್ಯಾನ್ ಮ್ಯಾಕ್‌ಮಿಲನ್ ಒಳಗೆ. ಇಂಥ ಪ್ರಕಾಶಕರನ್ನು ಹುಡುಕುವಾಗ ಒಂದು ಪುಸ್ತಕ ತೆಗೆದುಕೊಂಡು ಹಕ್ಕುಸ್ವಾಮ್ಯದ ಪುಟ ತೆರೆಯಿರಿ. ಕೆಳಗಡೆ ಸಣ್ಣ ಅಕ್ಷರದಲ್ಲಿ ಕಂಪನಿಯ ಪೂರ್ತಿ ಹೆಸರು, ಕೆಲವೊಮ್ಮೆ ವಿತರಕರ ಹೆಸರೂ ಇರುತ್ತದೆ. ಆ ಎಲ್ಲ ಹೆಸರುಗಳನ್ನೂ ಪಟ್ಟಿಯಲ್ಲಿ ಹಾಕಿ ನೋಡಿ. ಚಿಕ್ಕ ಪ್ರಕಾಶಕರು ತಮ್ಮದೇ ಸ್ಟಾಲ್ ತೆಗೆದುಕೊಳ್ಳದೆ ವಿತರಕರ ಸ್ಟಾಲ್‌ನ ಒಂದು ಕಪಾಟಿನಲ್ಲಿ ಇರುವುದು ತುಂಬಾ ಸಾಮಾನ್ಯ.

ಹುಡುಕುವ ಪೆಟ್ಟಿಗೆಯಲ್ಲಿ ಪೂರ್ತಿ ಹೆಸರು ಟೈಪ್ ಮಾಡಬೇಡಿ. 'ಪಬ್ಲಿಕೇಷನ್ಸ್', 'ಬುಕ್ಸ್', 'ಪ್ರೈವೇಟ್ ಲಿಮಿಟೆಡ್' ಇವನ್ನೆಲ್ಲ ಬಿಟ್ಟು, ಹೆಸರಿನ ಬೇರೆಲ್ಲೂ ಇಲ್ಲದ ತುಣುಕನ್ನು ಮಾತ್ರ ಹಾಕಿ, ನಾಲ್ಕೈದು ಅಕ್ಷರ ಸಾಕು. ಭಾರತೀಯ ಭಾಷೆಯ ಹೆಸರಾದರೆ ಇಂಗ್ಲಿಷ್ ಕಾಗುಣಿತ ಹೇಗೆ ಬೇಕಾದರೂ ಇರಬಹುದು. ಪ್ರಕಾಶನ ಎಂಬುದನ್ನು Prakashana, Prakashan, Prakasana ಎಂದು ಮೂರು ಥರ ಬರೆಯುತ್ತಾರೆ. ಹಾಗೆಯೇ ಹೆಸರಿನ ಮೊದಲ ಭಾಗದಲ್ಲೂ sh ಬದಲು s, ee ಬದಲು i ಇರಬಹುದು. ಹಾಗಾಗಿ ಅನುಮಾನವಿಲ್ಲದ ಅಕ್ಷರಗಳನ್ನಷ್ಟೇ ಹಾಕಿ.

ಹೆಸರು ಹೇಗೂ ಸಿಗಲಿಲ್ಲ ಅಂದರೆ ತಿರುಗಿಸಿ ಹುಡುಕಿ. ಹಾಲ್ ನಕ್ಷೆಯಲ್ಲಿ 4.1 D 36ರ ಚೌಕವನ್ನು ಒತ್ತಿದರೆ ಅಲ್ಲಿರುವ ಎಲ್ಲರ ಹೆಸರೂ ತೆರೆದುಕೊಳ್ಳುವ ಸೌಲಭ್ಯ ಬಹಳ ಮೇಳಗಳಲ್ಲಿದೆ. ಅಲ್ಲಿ ಒಂದು ದೇಶದ ಹೆಸರೋ, ಪ್ರಕಾಶಕರ ಸಂಘದ ಹೆಸರೋ ಕಂಡರೆ ಉತ್ತರ ಸಿಕ್ಕಿತು. ನಿಮ್ಮವರು ಸಾಮೂಹಿಕ ಸ್ಟಾಲ್‌ನಲ್ಲಿದ್ದಾರೆ. ಅಂಥಲ್ಲಿ ಒಂದೇ ನಂಬರಿನ ಕೆಳಗೆ ಹತ್ತಾರು ಪ್ರಕಾಶಕರು ಚಿಕ್ಕ ಚಿಕ್ಕ ಮೇಜು, ಕಪಾಟು ಹಂಚಿಕೊಂಡಿರುತ್ತಾರೆ. ಮೇಲೆ ದೊಡ್ಡದಾಗಿ ದೇಶದ ಹೆಸರಿದ್ದು, ನಿಮ್ಮ ಪ್ರಕಾಶಕರ ಹೆಸರು ಕಪಾಟಿನ ಅಂಚಿನಲ್ಲಷ್ಟೇ ಇರುತ್ತದೆ. ಸ್ಟಾಲ್ ತಲುಪಿದ ಮೇಲೂ ಅವರನ್ನು ಹುಡುಕಬೇಕು. ಅಲ್ಲಿನ ಸ್ವಾಗತದ ಮೇಜಿನಲ್ಲಿ ಕೇಳಿದರೆ ತೋರಿಸುತ್ತಾರೆ. ಆದರೆ ಅದಕ್ಕೆ ಐದು ನಿಮಿಷ ಬೇರೆಯೇ ಇಟ್ಟುಕೊಳ್ಳಿ.

ನೀವು ಭೇಟಿಯಾಗಬೇಕಾದವರು ಹಕ್ಕುಗಳ ವ್ಯವಹಾರ ಮಾಡುವ ಏಜೆಂಟ್ ಆಗಿದ್ದರೆ ಲೆಕ್ಕವೇ ಬೇರೆ. ಫ್ರಾಂಕ್‌ಫರ್ಟ್‌ನಲ್ಲಿ ಏಜೆಂಟರಿಗೆ ಅಂತಲೇ ಪ್ರತ್ಯೇಕ ಕೇಂದ್ರವಿದೆ. ಅಲ್ಲಿ ಸ್ಟಾಲ್ ಬದಲು ಮೇಜಿನ ನಂಬರ್ ಇರುತ್ತದೆ. ಮೊದಲೇ ಸಮಯ ಗೊತ್ತು ಮಾಡಿಕೊಂಡವರನ್ನು ಮಾತ್ರ ಒಳಗೆ ಬಿಡುತ್ತಾರೆ. ಕೋಲ್ಕತ್ತಾ ಪುಸ್ತಕ ಮೇಳದ ಲಿಟಲ್ ಮ್ಯಾಗಜಿನ್ ಪೆವಿಲಿಯನ್‌ನಲ್ಲೂ ಸ್ಟಾಲ್‌ಗಳಿಲ್ಲ, ಸಾಲಾಗಿ ಮೇಜುಗಳಿರುತ್ತವೆ. ಆ ಮೇಳ ನಡೆಯುವುದು ಬಯಲಿನಲ್ಲಿ. ಆದ್ದರಿಂದ ಅಲ್ಲಿ ಸ್ಟಾಲ್ ನಂಬರಿನ ಜೊತೆಗೆ ಯಾವ ಗೇಟಿಗೆ ಹತ್ತಿರ ಅಂತ ಕೇಳಿಕೊಳ್ಳುವುದು ಮುಖ್ಯ.

ಗೇಟಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಫೋನಿನ ಮ್ಯಾಪ್ ನಿಮ್ಮನ್ನು ಮೈದಾನದ ಹೆಸರಿಗೆ ಕರೆದೊಯ್ಯುತ್ತದೆ, ನಿಮ್ಮ ಹಾಲ್‌ಗೆ ಹತ್ತಿರದ ಗೇಟಿಗೆ ಅಲ್ಲ. ಜೊತೆಗೆ ಮೈದಾನದ ಎಲ್ಲ ಗೇಟುಗಳನ್ನೂ ಎಲ್ಲ ಮೇಳಗಳಿಗೂ ತೆರೆಯುವುದಿಲ್ಲ. ಕೆಲವು ಬರೀ ಪ್ರದರ್ಶಕರಿಗೆ, ಕೆಲವು ಸಾಮಾನು ಗಾಡಿಗಳಿಗೆ. ಮೇಳದ ನಕ್ಷೆಯಲ್ಲಿ ಸಂದರ್ಶಕರ ಪ್ರವೇಶ ಅಂತ ಗುರುತಿರುವ ಗೇಟನ್ನು ಮೊದಲು ಆರಿಸಿ, ಮ್ಯಾಪ್‌ನಲ್ಲಿ ಆ ಗೇಟಿನ ಹೆಸರೇ ಹಾಕಿ. ಫ್ರಾಂಕ್‌ಫರ್ಟ್‌ನ ಉದಾಹರಣೆ ತೆಗೆದುಕೊಂಡರೆ, ಮೆಟ್ರೋದಲ್ಲಿ Festhalle/Messe ನಿಲ್ದಾಣಕ್ಕೆ ಬಂದವರು ನಗರದ ಕಡೆಯ ಪ್ರವೇಶಕ್ಕೆ ತಲುಪುತ್ತಾರೆ. ಲೋಕಲ್ ರೈಲಿನಲ್ಲಿ Messe ನಿಲ್ದಾಣಕ್ಕೆ ಬಂದವರು ಮೈದಾನದ ನಡುವೆ ಇರುವ Torhaus ಪ್ರವೇಶಕ್ಕೆ ಹತ್ತಿರ ಇಳಿಯುತ್ತಾರೆ. ಹೆಸರು ಹೆಚ್ಚುಕಡಿಮೆ ಒಂದೇ, ಇಳಿಯುವ ಜಾಗ ಬೇರೆ. ಒಳಗೆ ಹಾಲ್‌ಗಳನ್ನು ಜೋಡಿಸುವ Via Mobile ಎಂಬ ಮುಚ್ಚಿದ ದಾರಿಯಿದೆ, ಅದರಲ್ಲಿ ಚಲಿಸುವ ಪಟ್ಟಿಗಳಿವೆ. ಅಂಥ ದಾರಿಗಳು ಮೇಲಿನ ಮಟ್ಟದಲ್ಲಿ ಹೋಗುವುದರಿಂದ, ಹಾಲ್ ಒಳಗೆ ಬಂದಾಗ ನೀವು ಯಾವ ಮಹಡಿಯಲ್ಲಿದ್ದೀರಿ ಅಂತ ಮತ್ತೆ ಓದಿಕೊಳ್ಳಬೇಕು.

ನಿಮ್ಮ ಆ ಬೆಳಿಗ್ಗೆ ಹೇಗೆ ಸಾಗಬೇಕು ಅಂತ ಹೇಳುತ್ತೇನೆ. ಹಿಂದಿನ ರಾತ್ರಿ ಆನ್‌ಲೈನ್ ಪಟ್ಟಿಯಲ್ಲಿ ಕೋಡ್ ಇನ್ನೊಮ್ಮೆ ನೋಡಿ. ಅಚ್ಚಾದ ಕ್ಯಾಟಲಾಗ್ ಮೇಳಕ್ಕೆ ಸಾಕಷ್ಟು ಮುಂಚೆಯೇ ಮುಗಿದಿರುತ್ತದೆ. ಆಮೇಲೆ ಯಾರೋ ಕೈಬಿಟ್ಟು ಜಾಗ ಖಾಲಿಯಾದರೆ ಆಯೋಜಕರು ಪಕ್ಕದವರನ್ನು ಸರಿಸುತ್ತಾರೆ. ಅದು ಆನ್‌ಲೈನ್ ಪಟ್ಟಿಯಲ್ಲಿ ಬರುತ್ತದೆ, ಕ್ಯಾಟಲಾಗ್‌ನಲ್ಲಿ ಬರುವುದಿಲ್ಲ. 4.1ರ ನಕ್ಷೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕಬ್ಬಿಣ ಕಾಂಕ್ರೀಟಿನ ಹಾಲ್‌ನಲ್ಲಿ ಸಾವಿರಾರು ಜನ ಒಟ್ಟಿಗೆ ಫೋನ್ ಬಳಸುವಾಗ ನೆಟ್‌ವರ್ಕ್ ನಂಬುವಂತಿಲ್ಲ. ಜಿಪಿಎಸ್ ಕೂಡ ಚಾವಣಿಯ ಕೆಳಗೆ ಓಣಿಯ ಮಟ್ಟಕ್ಕೆ ಸರಿಯಾಗಿ ತೋರಿಸುವುದಿಲ್ಲ, ಮಹಡಿಯನ್ನಂತೂ ಹೇಳುವುದೇ ಇಲ್ಲ.

ಹತ್ತೂಕಾಲಿಗೆಲ್ಲ ಗೇಟಿನಲ್ಲಿರಿ. ಟಿಕೆಟ್ ಸ್ಕ್ಯಾನ್, ಬ್ಯಾಗ್ ತಪಾಸಣೆ ಮುಗಿಯಬೇಕು, ಆಮೇಲೆ ನಡೆಯಬೇಕು. ನಾಲ್ಕನೇ ಕಟ್ಟಡ ತಲುಪಿ, ಒಂದು ಮಹಡಿ ಹತ್ತಿ, ಬಾಗಿಲಲ್ಲಿ 4.1 ಅಂತ ಓದಿ. ಒಳಗೆ ಬಂದ ಕೂಡಲೇ ನಡೆಯಬೇಡಿ. ಒಂದು ಬದಿಗೆ ನಿಂತು ಚಾವಣಿಯಿಂದ ತೂಗುಬಿಟ್ಟ ಅಕ್ಷರಗಳನ್ನು ನೋಡಿ. ಎದುರಿಗೆ G, ಅದರ ಎಡಕ್ಕೆ F ಕಂಡರೆ D ಕೂಡ ಎಡಕ್ಕೇ. ಎಡಕ್ಕೆ ಹೋಗಿ D ಕೆಳಗೆ ನಿಲ್ಲಿ. ಹತ್ತಿರದ ಎರಡು ಸ್ಟಾಲ್‌ಗಳ ನಂಬರ್ ಓದಿ. 58, 56 ಅಂತ ಇಳಿಯುತ್ತಿದ್ದರೆ ನೀವು ಓಣಿಯ ಕೊನೆಯಿಂದ ಬಂದಿದ್ದೀರಿ. ಹಾಗೇ ಮುಂದುವರಿಯಿರಿ, 36 ಎದುರಿಗೇ ಬರುತ್ತದೆ, ಸಮ ಬದಿಯಲ್ಲಿ. ಈ ಓದು ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟು ಜನ ಹೋಗುವ ಕಡೆಗೆ ಸೇರಿಕೊಂಡವರು ಹಾಲ್‌ನ ಇನ್ನೊಂದು ತುದಿಗೆ ತಲುಪಿರುತ್ತಾರೆ.

36ರಲ್ಲಿ ಬೇರೆ ಹೆಸರು ಕಂಡರೂ ಕೂಡಲೇ ಹೊರಡಬೇಡಿ. ಮುಂಪಟ್ಟಿಯ ಹೆಸರು ತಿಂಗಳುಗಳ ಹಿಂದೆ ತುಂಬಿದ ಅರ್ಜಿಯಿಂದ ಬಂದದ್ದು. ಅದರಲ್ಲಿ ನೋಂದಾಯಿತ ಕಂಪನಿಯ ಹೆಸರಿರಬಹುದು. ಕಪಾಟಿನಲ್ಲಿ ನಿಮ್ಮ ಪ್ರಕಾಶಕರ ಪುಸ್ತಕಗಳಿವೆಯಾ ನೋಡಿ. ಇಲ್ಲದಿದ್ದರೆ ಪಕ್ಕದ ಸ್ಟಾಲ್‌ನವರನ್ನು ಕೇಳಿ. ಸ್ಟಾಲ್ ಕಟ್ಟುವ ದಿನದಿಂದಲೂ ಅಲ್ಲೇ ಇರುವುದರಿಂದ ಯಾರು ಎಲ್ಲಿಗೆ ಸರಿದರು ಅಂತ ಮೊದಲು ಗೊತ್ತಾಗುವುದು ಅವರಿಗೇ. ಅವರಿಗೂ ಗೊತ್ತಿಲ್ಲದಿದ್ದರೆ ಅದೇ ಹಾಲ್‌ನ ಮಾಹಿತಿ ಮೇಜಿಗೆ ಹೋಗಿ. ಗೇಟಿನಲ್ಲಿ ನಿಂತ ಸ್ವಯಂಸೇವಕರಿಗೆ ಹಾಲ್‌ಗಳು ಗೊತ್ತು, ಸ್ಟಾಲ್‌ಗಳು ಗೊತ್ತಿರುವುದು ಕಡಿಮೆ. ಕೇಳುವಾಗ ಕೋಡ್, ಹೆಸರು ಎರಡನ್ನೂ ಫೋನಿನಲ್ಲಿ ಬರೆದು ತೋರಿಸಿ. ಗದ್ದಲದಲ್ಲಿ D ಮತ್ತು B ಒಂದೇ ಥರ ಕೇಳುತ್ತವೆ.

ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ. ಅವರಿಗೆ ಹೀಗೊಂದು ಸಂದೇಶ ಕಳಿಸಿ: "ಸರ್, 4.1 D 36 ಸಿಕ್ಕಿತು, ಧನ್ಯವಾದ. ಸ್ಟಾಲ್‌ನ ಮೇಲೆ ಯಾವ ಹೆಸರು ಇರುತ್ತದೆ? ನಿಮ್ಮದೇ ಸ್ಟಾಲೋ, ಬೇರೆಯವರ ಜೊತೆಗೋ? ಮುಖ ಯಾವ ಓಣಿಗಿದೆ?" ಈ ಮೂರು ಪ್ರಶ್ನೆಗೆ ಅವರು ಒಂದು ಸಾಲಿನಲ್ಲಿ ಉತ್ತರ ಕೊಡಬಹುದು. ವೆಬ್‌ಸೈಟ್‌ನಲ್ಲಿ ಹೆಸರು ಯಾಕೆ ಬರುತ್ತಿಲ್ಲ ಎಂಬುದೂ ಅದರಲ್ಲೇ ಗೊತ್ತಾಗುವ ಸಾಧ್ಯತೆ ಹೆಚ್ಚು. ನಿಮ್ಮ ಭೇಟಿ ಮೇಳದ ಕೊನೆಯ ದಿನವಾಗಿದ್ದರೆ ಹನ್ನೊಂದರ ಸಮಯವನ್ನು ಮುಂದಕ್ಕೆ ಹಾಕಲು ಒಪ್ಪಬೇಡಿ. ಮಧ್ಯಾಹ್ನದ ಮೇಲೆ ಕಪಾಟುಗಳು ಪೆಟ್ಟಿಗೆ ಸೇರಲು ಶುರುವಾಗುತ್ತವೆ, ಮುಂಪಟ್ಟಿಯ ಹೆಸರನ್ನೂ ಕಿತ್ತಿರುತ್ತಾರೆ.